ಇಪ್ಪತ್ತು ನಿಮಿಷದ ಡೆಮೊ ಪಾಠಕ್ಕೆ ಅಂಕ ಕೊಡುವುದು ಹೇಗೆ?

ಏಪ್ರಿಲ್ ಬಂತೆಂದರೆ ಖಾಸಗಿ ಶಾಲೆಗಳಲ್ಲಿ ಹೊಸ ಶಿಕ್ಷಕರ ಹುಡುಕಾಟ ಶುರುವಾಗುತ್ತದೆ. ಅರ್ಜಿ ನೋಡುತ್ತಾರೆ, ಬಿ.ಇಡಿ. ಅಂಕಪಟ್ಟಿ ನೋಡುತ್ತಾರೆ, ನಾಲ್ಕು ಮಾತು ಆಡಿಸುತ್ತಾರೆ. ಆಮೇಲೆ ಹೇಳುತ್ತಾರೆ: "ನಾಡಿದ್ದು ಬಂದು ಒಂದು ಡೆಮೊ ಕೊಡಿ." ಅಭ್ಯರ್ಥಿ ಬರುತ್ತಾರೆ, ಪಾಠ ಮಾಡುತ್ತಾರೆ, ಹೋಗುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ನೋಡಿದ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. "ಪರವಾಗಿಲ್ಲ ಅಲ್ವಾ?" ಅಂತ ಒಬ್ಬರು ಅಂದರೆ ಸಾಕು, ಉಳಿದವರ ತಲೆ ತಾನಾಗಿ ಅಲ್ಲಾಡುತ್ತದೆ. ಒಬ್ಬರ ಕೆಲಸದ ವಿಷಯ, ಮೂವತ್ತು ನಲವತ್ತು ಮಕ್ಕಳ ಒಂದು ಇಡೀ ವರ್ಷದ ವಿಷಯ, ಅಲ್ಲಿಗೆ ತೀರ್ಮಾನ ಆಗಿಬಿಡುತ್ತದೆ.

ಡೆಮೊ ಪಾಠ ಈಗ ಬರೀ ಖಾಸಗಿ ಶಾಲೆಗಳ ಪದ್ಧತಿಯಾಗಿ ಉಳಿದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರ ನೇಮಕದಲ್ಲಿ ತರಗತಿ ಪ್ರಾತ್ಯಕ್ಷಿಕೆಯೂ ಸಂದರ್ಶನವೂ ಇರಬೇಕು ಎಂದಿದೆ. ಕೇಂದ್ರೀಯ ವಿದ್ಯಾಲಯಗಳು 2022ರ ಡಿಸೆಂಬರಿನಲ್ಲಿ ಹೊರಡಿಸಿದ ನೇಮಕಾತಿ ಪ್ರಕಟಣೆಯಲ್ಲಿ ಡೆಮೊ ಪಾಠಕ್ಕೆ 30 ಅಂಕ, ಸಂದರ್ಶನಕ್ಕೆ 30 ಅಂಕ ಇಟ್ಟಿದ್ದವು. ಹಾಗಾದರೆ ಈ 30 ಅಂಕ ಯಾವ ಲೆಕ್ಕದಲ್ಲಿ ಕೊಡುತ್ತಾರೆ? ಪಾಠ ನೋಡಿ "ಚೆನ್ನಾಗಿತ್ತು" ಅನ್ನಿಸಿದ್ದನ್ನು ಅಂಕವಾಗಿ ಬದಲಾಯಿಸುವುದು ಹೇಗೆ? ಇದಕ್ಕೆ ಬಳಸುವ ಸಾಧನವೇ ರೂಬ್ರಿಕ್. ಒಂದು ಪುಟ ಮೀರದ ಚಿಕ್ಕ ರೂಬ್ರಿಕ್ ಹೇಗಿರುತ್ತದೆ, ಅದನ್ನು ಹಿಡಿದು ಒಂದು ಪಾಠಕ್ಕೆ ಅಂಕ ಹಾಕುವುದು ಹೇಗೆ ಎಂದು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

## ರೂಬ್ರಿಕ್ ಅಂದರೆ ಏನು?

ಹೆಚ್ಚಿನ ಶಾಲೆಗಳಲ್ಲಿ ಡೆಮೊಗೆ ಒಂದು ಹಾಳೆ ಇದ್ದೇ ಇರುತ್ತದೆ. ಅದರಲ್ಲಿ "ವಿಷಯ ಜ್ಞಾನ – 10", "ನಿರೂಪಣೆ – 10", "ತರಗತಿ ನಿರ್ವಹಣೆ – 10" ಅಂತ ಸಾಲುಗಳಿರುತ್ತವೆ. ಇದು ರೂಬ್ರಿಕ್ ಅಲ್ಲ, ಬರೀ ಅಂಕದ ಹಾಳೆ. ನಿರೂಪಣೆಗೆ 6 ಕೊಡಬೇಕಾದರೆ ಏನು ಕಂಡಿರಬೇಕು, 8 ಕೊಡಬೇಕಾದರೆ ಏನು ಕಂಡಿರಬೇಕು ಅಂತ ಆ ಹಾಳೆ ಹೇಳುವುದಿಲ್ಲ. ಹಾಗಾಗಿ ಒಬ್ಬರ 6, ಇನ್ನೊಬ್ಬರ 8, ಎರಡೂ ಒಂದೇ ಅಭಿಪ್ರಾಯ ಆಗಿರಬಹುದು. ಇಬ್ಬರೂ 7 ಕೊಟ್ಟಿದ್ದರೂ ಮನಸ್ಸಿನಲ್ಲಿ ಬೇರೆಬೇರೆ ಲೆಕ್ಕ ಇರಬಹುದು.

ರೂಬ್ರಿಕ್‌ನಲ್ಲಿ ಎರಡು ಭಾಗ ಇರುತ್ತವೆ. ಒಂದು, ಯಾವುದನ್ನು ನೋಡಬೇಕು ಎನ್ನುವ ಸಾಲುಗಳು. ಇವನ್ನು ಮಾನದಂಡ ಎನ್ನುತ್ತಾರೆ. ಎರಡು, ಪ್ರತಿ ಸಾಲಿಗೂ ಕೆಲವು ಹಂತಗಳು, ಮತ್ತು ಪ್ರತಿ ಹಂತಕ್ಕೂ ಒಂದೆರಡು ವಾಕ್ಯದ ವರ್ಣನೆ. ಜೀವ ಇರುವುದು ಈ ವರ್ಣನೆಯಲ್ಲೇ. ಅದು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸಂಗತಿಯನ್ನು ಹೇಳಬೇಕು. "ಮಕ್ಕಳ ಆಸಕ್ತಿ ಕೆರಳಿಸುತ್ತಾರೆ" ಅಂದರೆ ಏನೂ ಹೇಳಿದಂತಾಗಲಿಲ್ಲ. "ಹಿಂದಿನ ಬೆಂಚಿನ ಮಕ್ಕಳನ್ನೂ ಹೆಸರು ಹಿಡಿದು ಕೇಳುತ್ತಾರೆ" ಅಂದರೆ ಅದು ನಡೆಯಿತೋ ಇಲ್ಲವೋ ಎಂದು ಮೂವರೂ ಹೇಳಬಲ್ಲರು.

ಸಾಲುಗಳು ಎಷ್ಟು? ನಾಲ್ಕು ಸಾಕು. ಇಪ್ಪತ್ತು ನಿಮಿಷ ಪಾಠ ಕೇಳುತ್ತಾ, ಮಕ್ಕಳನ್ನು ನೋಡುತ್ತಾ, ಟಿಪ್ಪಣಿ ಬರೆಯುತ್ತಾ ಹನ್ನೆರಡು ಸಾಲು ಗಮನದಲ್ಲಿಟ್ಟುಕೊಳ್ಳುವುದು ಯಾರಿಂದಲೂ ಆಗದು. ಉದ್ದ ಹಾಳೆ ಕೊಟ್ಟರೆ ಜನ ಪಾಠ ಮುಗಿದ ಮೇಲೆ ಒಂದು ಒಟ್ಟು ಅಂಕ ಮನಸ್ಸಿನಲ್ಲಿಟ್ಟುಕೊಂಡು, ಅದಕ್ಕೆ ಹೊಂದುವ ಹಾಗೆ ಸುಮ್ನೆ ಸಾಲು ತುಂಬಿಸುತ್ತಾರೆ.

ಹಂತಗಳು ಎಷ್ಟು? 0ಯಿಂದ 3ರವರೆಗೆ ನಾಲ್ಕು ಹಂತ ಚೆನ್ನಾಗಿ ಕೆಲಸ ಮಾಡುತ್ತವೆ. ನಾಲ್ಕರಲ್ಲಿ ನಟ್ಟನಡುವೆ ಅಂತ ಒಂದು ಜಾಗ ಇಲ್ಲ. ಐದು ಹಂತ ಇಟ್ಟರೆ ನಿರ್ಧಾರ ಮಾಡಲಾಗದವರೆಲ್ಲ ಮೂರನೆಯದಕ್ಕೆ ಟಿಕ್ ಹಾಕಿ ಕೂತುಬಿಡುತ್ತಾರೆ. ನಾಲ್ಕಿದ್ದರೆ, ಈ ಪಾಠ ಮೇಲಿನ ಅರ್ಧದಲ್ಲಿದೆಯೋ ಕೆಳಗಿನ ಅರ್ಧದಲ್ಲಿದೆಯೋ ಎಂದು ಯೋಚನೆ ಮಾಡಲೇಬೇಕು. ಹತ್ತು ಹಂತ ಇಟ್ಟರೆ ಇನ್ನೊಂದು ತೊಂದರೆ. 6ಕ್ಕೂ 7ಕ್ಕೂ ಏನು ವ್ಯತ್ಯಾಸ ಎಂದು ಬರೆದಿಡಲು ಯಾರಿಗೂ ಬರುವುದಿಲ್ಲ.

## ನಮ್ಮ ಉದಾಹರಣೆ: ಆರನೇ ತರಗತಿ, ಭಿನ್ನರಾಶಿ

ಒಂದು ಶಾಲೆಗೆ ಆರನೇ ತರಗತಿಗೆ ಗಣಿತ ಹೇಳಿಕೊಡುವವರು ಬೇಕು ಅಂದುಕೊಳ್ಳಿ. ಆಯ್ಕೆ ಸಮಿತಿಯಲ್ಲಿ ಮೂವರು: ಮುಖ್ಯ ಶಿಕ್ಷಕಿ, ಅದೇ ಶಾಲೆಯ ಹಿರಿಯ ಗಣಿತ ಮೇಷ್ಟ್ರು, ಆಡಳಿತ ಮಂಡಳಿಯ ಒಬ್ಬ ಸದಸ್ಯರು. ಕೊನೆಯ ಸುತ್ತಿಗೆ ಇಬ್ಬರು ಅಭ್ಯರ್ಥಿಗಳು ಬಂದಿದ್ದಾರೆ. ಇಬ್ಬರಿಗೂ ಎರಡು ದಿನ ಮೊದಲೇ ಒಂದೇ ವಿಷಯ ಕೊಡಲಾಗಿದೆ: ಛೇದ ಬೇರೆಬೇರೆ ಇರುವ ಭಿನ್ನರಾಶಿಗಳನ್ನು ಕೂಡಿಸುವುದು, ಅಂದರೆ 1/2 + 1/3ರಂಥ ಲೆಕ್ಕ. ಮಕ್ಕಳಿಗೆ ಈಗಾಗಲೇ ಏನು ಗೊತ್ತು ಎನ್ನುವುದನ್ನೂ ತಿಳಿಸಲಾಗಿದೆ. ಛೇದ ಒಂದೇ ಇದ್ದರೆ ಕೂಡಿಸಲು ಬರುತ್ತದೆ, ಸಮಾನ ಭಿನ್ನರಾಶಿ ಪಾಠ ಆಗಿದೆ. ಈ ಮಾಹಿತಿ ಕೊಡದಿದ್ದರೆ ಅಭ್ಯರ್ಥಿ ಅರ್ಧ ಸಮಯ ಹಳೆಯದನ್ನೇ ಹೇಳುತ್ತಾ ಕಳೆಯಬಹುದು. ಅದು ಅವರ ತಪ್ಪಲ್ಲ, ನಮ್ಮದು.

ಒಂದು ಎಚ್ಚರಿಕೆ. ಇಬ್ಬರೂ ಒಂದೇ ಮಕ್ಕಳಿಗೆ ಒಂದೇ ಪಾಠ ಮಾಡಿದರೆ ಎರಡನೆಯವರಿಗೆ ಹಬ್ಬ. ಮಕ್ಕಳು ಆಗಲೇ ಒಮ್ಮೆ ಕಲಿತಿರುತ್ತಾರೆ, ಪಟಪಟ ಉತ್ತರ ಹೇಳುತ್ತಾರೆ. ಆದ್ದರಿಂದ ಈ ಶಾಲೆ ಮೊದಲನೆಯವರಿಗೆ 'ಎ' ಸೆಕ್ಷನ್, ಎರಡನೆಯವರಿಗೆ 'ಬಿ' ಸೆಕ್ಷನ್ ಕೊಟ್ಟಿದೆ. ಒಂದೇ ಸೆಕ್ಷನ್ ಇರುವ ಶಾಲೆಯಾದರೆ ಒಬ್ಬರಿಗೆ ಕೂಡುವುದು, ಇನ್ನೊಬ್ಬರಿಗೆ ಬೇರೆ ಅಧ್ಯಾಯದ ಅಷ್ಟೇ ಕಷ್ಟದ ವಿಷಯ ಕೊಡಬಹುದು.

ಸಮಿತಿಯ ರೂಬ್ರಿಕ್‌ನಲ್ಲಿ ನಾಲ್ಕು ಸಾಲುಗಳಿವೆ. ಮೊದಲನೆಯದು ವಿಷಯ ಸರಿಯಾಗಿದೆಯೇ ಎಂಬುದು. ಹೇಳಿದ್ದು, ಬೋರ್ಡಿನ ಮೇಲೆ ಬರೆದದ್ದು, ಚಿತ್ರ ಬಿಡಿಸಿದ್ದು ಎಲ್ಲ ಗಣಿತದ ಪ್ರಕಾರ ಸರಿ ಇರಬೇಕು. ತಪ್ಪಾಗಿ ಬರೆದು ತಾವೇ ತಿದ್ದಿಕೊಂಡರೆ ಅಂಕ ಹೋಗುವುದಿಲ್ಲ. ಎರಡನೆಯದು ವಿವರಣೆ. ನಿಯಮ ಮಾತ್ರ ಹೇಳಿದರೆ ಕೆಳಗಿನ ಹಂತ. ಆ ನಿಯಮ ಯಾಕೆ ಹಾಗಿದೆ ಎಂದು ಚಿತ್ರ ಅಥವಾ ವಸ್ತುವಿನಿಂದ ತೋರಿಸಿದರೆ ಮೇಲಿನ ಹಂತ. ಮೂರನೆಯದು ಮಕ್ಕಳಿಗೆ ಅರ್ಥವಾಗುತ್ತಿದೆಯೇ ಎಂದು ಶಿಕ್ಷಕರು ಹೇಗೆ ತಿಳಿದುಕೊಳ್ಳುತ್ತಾರೆ, ತಿಳಿದ ಮೇಲೆ ಏನು ಮಾಡುತ್ತಾರೆ ಎಂಬುದು. ನಾಲ್ಕನೆಯದು ಎಷ್ಟು ಮಕ್ಕಳು ಪಾಠದೊಳಗೆ ಇದ್ದರು ಎಂಬುದು: ಮುಂದಿನ ಬೆಂಚಿನ ನಾಲ್ವರೋ, ಇಡೀ ತರಗತಿಯೋ.

ಮೂರನೇ ಸಾಲಿಗೆ ಎರಡರಷ್ಟು ತೂಕ. ಯಾಕೆಂದರೆ ಉಳಿದ ಮೂರನ್ನು ಮನೆಯಲ್ಲಿ ತಯಾರಿ ಮಾಡಿಕೊಂಡು ಬರಲು ಸಾಕಷ್ಟು ಸಾಧ್ಯ. ಮಗು ಕೊಡುವ ತಪ್ಪು ಉತ್ತರಕ್ಕೆ ಹೇಗೆ ಸ್ಪಂದಿಸುತ್ತೇವೆ ಎನ್ನುವುದನ್ನು ಬಾಯಿಪಾಠ ಮಾಡಿಕೊಂಡು ಬರಲು ಆಗುವುದಿಲ್ಲ. ಹೀಗೆ ಒಟ್ಟು 3 + 3 + 6 + 3 = 15 ಅಂಕ. ಡೆಮೊಗೆ 30 ಇಟ್ಟಿದ್ದರೆ ಕೊನೆಗೆ ಎರಡರಿಂದ ಗುಣಿಸಿದರಾಯಿತು.

ಇದಲ್ಲದೆ ಒಂದು ಬಾಗಿಲು ಕಾಯುವ ನಿಯಮವೂ ಇದೆ. ಮೊದಲ ಸಾಲಿನಲ್ಲಿ 0 ಬಂದರೆ ಒಟ್ಟು ಎಷ್ಟೇ ಇರಲಿ, ಆಯ್ಕೆ ಇಲ್ಲ. ಗಣಿತವನ್ನೇ ತಪ್ಪು ಹೇಳಿಕೊಡುವವರು ಎಷ್ಟು ಚೆನ್ನಾಗಿ ಮಾತಾಡಿದರೂ ಆ ಅಂಕಗಳು ಅದನ್ನು ಮುಚ್ಚಬಾರದು.

## ಒಂದು ಸಾಲನ್ನು ಹತ್ತಿರದಿಂದ ನೋಡೋಣ

ಮೂರನೇ ಸಾಲಿನ ನಾಲ್ಕು ಹಂತಗಳನ್ನು ಆ ಹಾಳೆಯಲ್ಲಿ ಹೀಗೆ ಬರೆಯಲಾಗಿದೆ:

0: ಮಕ್ಕಳನ್ನು ಏನೂ ಕೇಳುವುದಿಲ್ಲ, ಅಥವಾ ಕೇಳಿ ತಾವೇ ಉತ್ತರ ಹೇಳಿಬಿಡುತ್ತಾರೆ.

1: "ಅರ್ಥ ಆಯ್ತಾ?" ಎಂದು ಇಡೀ ತರಗತಿಗೆ ಕೇಳುತ್ತಾರೆ. ತಪ್ಪು ಉತ್ತರ ಬಂದರೆ ಅದನ್ನು ಬಿಟ್ಟು, ಸರಿ ಉತ್ತರ ಹೇಳುವ ಮಗುವಿನ ಕಡೆ ಹೋಗುತ್ತಾರೆ.

2: ಬೇರೆಬೇರೆ ಮಕ್ಕಳನ್ನು ಕರೆದು ಕೇಳುತ್ತಾರೆ, ಅಥವಾ ಬೋರ್ಡಿನಲ್ಲಿ ಮಾಡಿಸುತ್ತಾರೆ. ತಪ್ಪು ಕಂಡಲ್ಲಿ ಯಾಕೆ ತಪ್ಪು ಎಂದು ತಾವೇ ಹೇಳಿ ತಿದ್ದುತ್ತಾರೆ.

3: ತಪ್ಪು ಉತ್ತರ ಬಂದಾಗ ಮಗು ಹೇಗೆ ಯೋಚಿಸಿತು ಎಂದು ಕೇಳುತ್ತಾರೆ. ತಪ್ಪನ್ನು ಮಗುವೇ ಕಂಡುಕೊಳ್ಳುವಂಥ ಇನ್ನೊಂದು ಪ್ರಶ್ನೆ ಅಥವಾ ಉದಾಹರಣೆ ಕೊಡುತ್ತಾರೆ. ಆಮೇಲೆ ಅದೇ ಮಗುವಿಗೆ ಮತ್ತೆ ಅವಕಾಶ ಕೊಡುತ್ತಾರೆ.

ಭಿನ್ನರಾಶಿ ಪಾಠವನ್ನೇ ಆರಿಸಿದ್ದಕ್ಕೆ ಕಾರಣ ಇಲ್ಲೇ ಇದೆ. 1/2 + 1/3 ಎಷ್ಟು ಎಂದು ಕೇಳಿದರೆ ಒಬ್ಬರಾದರೂ 2/5 ಎನ್ನುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದರೆ ಬರುವ ಉತ್ತರ ಅದು. ಗಣಿತ ಹೇಳಿಕೊಡುವ ಎಲ್ಲರಿಗೂ ಗೊತ್ತಿರುವ ತಪ್ಪು. ಹೀಗೆ ಯಾವ ತಪ್ಪು ಬರುತ್ತದೆ ಎಂದು ಮೊದಲೇ ಗೊತ್ತಿರುವ ವಿಷಯ ಕೊಟ್ಟರೆ ಮೂರನೇ ಸಾಲಿಗೆ ನೋಡಲು ಏನಾದರೂ ಸಿಗುತ್ತದೆ. ವಿಜ್ಞಾನವಾದರೆ "ಭಾರವಾದದ್ದು ಬೇಗ ಬೀಳುತ್ತದೆ" ಎಂಬಂಥ ತಪ್ಪು ತಿಳಿವಳಿಕೆ ಇರುವ ವಿಷಯ ಆರಿಸಬಹುದು. ಸುಲಭವಾದ, ಯಾರೂ ತಪ್ಪು ಮಾಡದ ಪಾಠ ಕೊಟ್ಟರೆ ಅಭ್ಯರ್ಥಿ ಖುಷಿಯಾಗಿ ಮುಗಿಸಿ ಹೋಗುತ್ತಾರೆ, ನಮಗೆ ಏನೂ ಗೊತ್ತಾಗುವುದಿಲ್ಲ.

ಬೇಸಿಗೆ ರಜೆಯಲ್ಲಿ ಡೆಮೊ ನಡೆದರೆ ಮಕ್ಕಳೇ ಇರುವುದಿಲ್ಲ, ಸಮಿತಿಯವರೇ ಮಕ್ಕಳಂತೆ ಕೂರುತ್ತಾರೆ. ಆಗ ದೊಡ್ಡವರು ಎಲ್ಲದಕ್ಕೂ ಸರಿ ಉತ್ತರ ಹೇಳಿದರೆ ಮೂರನೇ ಸಾಲು ಸತ್ತಂತೆ. ಅದಕ್ಕೆ ಒಂದು ದಾರಿ ಇದೆ. ಒಬ್ಬ ಸದಸ್ಯರು ಪ್ರತಿ ಅಭ್ಯರ್ಥಿಗೂ ಹೆಚ್ಚುಕಮ್ಮಿ ಅದೇ ಘಟ್ಟದಲ್ಲಿ ಅದೇ ತಪ್ಪು ಉತ್ತರ ಹೇಳಬೇಕು: "ಸರ್, 2/5." ಎಲ್ಲರಿಗೂ ಒಂದೇ ಚೆಂಡು ಹಾಕಿದಂತಾಯಿತು, ಹೋಲಿಸುವುದು ಸುಲಭ. ನಾಲ್ಕನೇ ಸಾಲನ್ನು ಮಾತ್ರ ಹಾಳೆಯಿಂದ ತೆಗೆದುಬಿಡುವುದೇ ಸರಿ. ಮೂವರು ದೊಡ್ಡವರು ಕೂತ ಕೋಣೆಯಲ್ಲಿ "ಎಲ್ಲ ಮಕ್ಕಳನ್ನೂ ಒಳಗೊಂಡರೇ" ಎಂದು ಅಂಕ ಕೊಡಲು ಆಗುವುದಿಲ್ಲ.

## ಮೊದಲು ಕಂಡದ್ದು, ಆಮೇಲೆ ಅಂಕ

ಪಾಠ ನಡೆಯುವಾಗ ಅಂಕ ಹಾಕಬಾರದು. ಆ ಇಪ್ಪತ್ತು ನಿಮಿಷ ಪೆನ್ನು ಒಂದೇ ಕೆಲಸ ಮಾಡಬೇಕು: ಏನು ಕಂಡಿತು, ಏನು ಕೇಳಿಸಿತು ಎಂದು ಬರೆಯುವುದು. ಪಕ್ಕದಲ್ಲಿ ಸಮಯ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಹಿರಿಯ ಗಣಿತ ಮೇಷ್ಟ್ರು ಮೊದಲ ಅಭ್ಯರ್ಥಿಯ ಪಾಠದಲ್ಲಿ ಬರೆದುಕೊಂಡದ್ದು ಹೀಗಿತ್ತು:

10:07 – "1/2 + 1/3 ಎಷ್ಟು?" ಕಿಟಕಿ ಪಕ್ಕದ ಹುಡುಗ: 2/5. ಶಿಕ್ಷಕಿ: "ಅಲ್ಲ. ಬೇರೆ ಯಾರು?"
10:08 – ಮುಂದಿನ ಬೆಂಚಿನ ಹುಡುಗಿ: 5/6. "ವೆರಿ ಗುಡ್, ಎಲ್ರೂ ಚಪ್ಪಾಳೆ." ಹುಡುಗನ ಕಡೆ ಮತ್ತೆ ಹೋಗಲಿಲ್ಲ.
10:11 – "ಲಸಾಅ ತೆಗೀಬೇಕು, ಅದೇ ಛೇದ." 6 ಯಾಕೆ ಎಂದು ಚಾರ್ಟಿನಲ್ಲಿ ತೋರಿಸಿದರು.
10:18 – "ಅರ್ಥ ಆಯ್ತಾ ಮಕ್ಕಳೇ?" "ಆಯ್ತು ಮಿಸ್!" (ಎಲ್ಲರೂ ಒಟ್ಟಿಗೆ)

ಇದರಲ್ಲಿ "ಚೆನ್ನಾಗಿದೆ", "ಸಾಲದು" ಎನ್ನುವ ಒಂದು ಮಾತೂ ಇಲ್ಲ. ತೀರ್ಮಾನದ ಮಾತು ಬರೆದರೆ, ಆಮೇಲೆ ಅದನ್ನು ಯಾವುದರ ಮೇಲೆ ಬರೆದಿದ್ದೇವೆ ಎಂದು ನಮಗೇ ನೆನಪಿರುವುದಿಲ್ಲ.

ಸೆಕೆಂಡುಗಳನ್ನು ಗಮನಿಸುವುದೂ ಉಪಯೋಗಕ್ಕೆ ಬರುತ್ತದೆ. ಶಿಕ್ಷಕರು ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಮೆರಿಕದ ಮೇರಿ ಬಡ್ ರೋ ಅನ್ನುವವರು ಅಭ್ಯಾಸ ಮಾಡಿದ್ದರು. ಸಾಮಾನ್ಯವಾಗಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಬಾಯಿ ಬಿಡುತ್ತಾರೆ ಎಂದು ಅವರು ಕಂಡುಕೊಂಡರು. ನೋಡುವವರು ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿದರೆ ಸಾಕು, ನಾಲ್ಕನೇ ಸಾಲಿಗೆ ಒಳ್ಳೆಯ ಪುರಾವೆ ಸಿಗುತ್ತದೆ.

ಪಾಠ ಮುಗಿದ ಮೇಲೆ ಮೂವರೂ ಮಾತಾಡದೆ ಐದು ನಿಮಿಷ ಕೂರಬೇಕು. ಟಿಪ್ಪಣಿ ಓದಿ, ಪ್ರತಿ ಸಾಲಿನ ವರ್ಣನೆಗೆ ಹೋಲಿಸಿ, ಅಂಕ ಹಾಕಿ, ಸಹಿ ಮಾಡಬೇಕು. ಈ ಮೌನ ಬಹಳ ಮುಖ್ಯ. ಮುಖ್ಯ ಶಿಕ್ಷಕಿ ಮೊದಲೇ "ತುಂಬಾ ಚೆನ್ನಾಗಿ ಮಾಡಿದ್ರು" ಅಂದುಬಿಟ್ಟರೆ ಅವರ ಕೈಕೆಳಗೆ ಕೆಲಸ ಮಾಡುವ ಮೇಷ್ಟ್ರು 1 ಅಂತ ಬರೆಯುವುದು ಕಷ್ಟ. ಆಮೇಲೆ ಮೂರು ಹಾಳೆ ಇದ್ದರೂ ಅಭಿಪ್ರಾಯ ಒಂದೇ.

## ಇಬ್ಬರು ಅಭ್ಯರ್ಥಿಗಳು, ಮೂರು ಹಾಳೆಗಳು

ಮೊದಲ ಅಭ್ಯರ್ಥಿಯ ಪಾಠ ಕಣ್ಣಿಗೆ ಹಬ್ಬವಾಗಿತ್ತು. ಬಣ್ಣದ ಚಾರ್ಟ್, ಗಟ್ಟಿ ದನಿ, ಮುತ್ತಿನಂಥ ಅಕ್ಷರ. ಸಮಯಕ್ಕೆ ಸರಿಯಾಗಿ ಮುಗಿಸಿದರು. ಎರಡನೆಯವರ ದನಿ ಚಿಕ್ಕದು, ಬೋರ್ಡಿನ ಮೇಲೆ ಸಾಲು ಸ್ವಲ್ಪ ಓರೆ. ಕಾಗದದ ಪಟ್ಟಿ ಹಂಚಿ ಮಡಿಸಲು ಹೇಳಿದರು. ಅಲ್ಲೂ ಒಬ್ಬಳು 2/5 ಎಂದಳು. ಅವರು ಅದನ್ನು ಬೋರ್ಡಿನ ಮೇಲೆ ಬರೆದರು, ಅಳಿಸಲಿಲ್ಲ.

"ಹೇಗೆ ಬಂತು ಹೇಳಮ್ಮ?" ಎಂದು ಕೇಳಿದರು. ಹುಡುಗಿ ಮೇಲಿನದನ್ನು, ಕೆಳಗಿನದನ್ನು ಕೂಡಿಸಿದೆ ಎಂದಳು. "ಸರಿ, ಈ 2/5 ಅರ್ಧಕ್ಕಿಂತ ಜಾಸ್ತಿನಾ, ಕಮ್ಮಿನಾ?" ಮಕ್ಕಳು ಪಟ್ಟಿ ನೋಡಿದರು. ಐದರಲ್ಲಿ ಎರಡು, ಅಂದರೆ ಅರ್ಧ ಮುಟ್ಟುವುದಿಲ್ಲ. "ಹಾಗಾದ್ರೆ ಅರ್ಧ ನಿಮ್ಮ ಹತ್ರ ಮೊದಲೇ ಇತ್ತು, ಅದಕ್ಕೆ ಇನ್ನೂ ಸ್ವಲ್ಪ ಸೇರಿಸಿದ್ರಿ. ಅರ್ಧಕ್ಕಿಂತ ಕಮ್ಮಿ ಆಗೋಕೆ ಸಾಧ್ಯನಾ?" ಹುಡುಗಿ ತಲೆ ಅಲ್ಲಾಡಿಸಿ ನಕ್ಕಳು. ಆಮೇಲೆ ಅದೇ ಪಟ್ಟಿಯನ್ನು ಆರು ಭಾಗ ಮಡಿಸಿ 3/6, 2/6 ಎಣಿಸಿ, 5/6 ಎಂದು ಅವಳೇ ಹೇಳಿದಳು. ಇಷ್ಟರಲ್ಲಿ ಸಮಯ ಮುಗಿಯಿತು. ಎರಡನೇ ಲೆಕ್ಕ ಮಾಡಿಸಲು ಆಗಲಿಲ್ಲ.

ಮಾತುಕತೆಗೆ ಮೊದಲು ಮೂವರ ಅಂಕಗಳು ಹೀಗಿದ್ದವು. ಅಂಕಗಳು ಸಾಲಿನ ಕ್ರಮದಲ್ಲಿವೆ, ಒಟ್ಟಿನಲ್ಲಿ ಮೂರನೇ ಸಾಲು ಎರಡು ಪಟ್ಟು:

| | ಮೊದಲ ಅಭ್ಯರ್ಥಿ | ಒಟ್ಟು | ಎರಡನೇ ಅಭ್ಯರ್ಥಿ | ಒಟ್ಟು |
|---|---|---|---|---|
| ಮುಖ್ಯ ಶಿಕ್ಷಕಿ | 3, 3, 3, 2 | 14 | 3, 2, 2, 2 | 11 |
| ಗಣಿತ ಮೇಷ್ಟ್ರು | 3, 2, 1, 1 | 8 | 3, 3, 3, 2 | 14 |
| ಮಂಡಳಿ ಸದಸ್ಯರು | 3, 3, 2, 2 | 12 | 2, 2, 2, 2 | 10 |

ಮೊದಲನೆಯವರ ಸರಾಸರಿ 11.3, ಎರಡನೆಯವರದು 11.7. ಇಲ್ಲಿಗೇ ನಿಲ್ಲಿಸಿದರೆ ಇಬ್ಬರೂ ಸಮ ಎಂದೇ ಹೇಳಬೇಕು. ಆದರೆ ಹಾಳೆಗಳನ್ನು ಅಕ್ಕಪಕ್ಕ ಇಟ್ಟರೆ ಎರಡು ಕಡೆ ಕಣ್ಣು ನಿಲ್ಲುತ್ತದೆ.

ಮೊದಲನೆಯದು, ಮೊದಲ ಅಭ್ಯರ್ಥಿಯ ಮೂರನೇ ಸಾಲು. ಒಬ್ಬರು 3, ಒಬ್ಬರು 1. ಒಂದೇ ಪಾಠ ನೋಡಿದವರ ನಡುವೆ ಒಂದು ಹಂತದ ವ್ಯತ್ಯಾಸ ಸಹಜ. ಎರಡು ಅಥವಾ ಹೆಚ್ಚು ಬಂದರೆ ಆ ಸಾಲನ್ನು ಮಾತಾಡಲೇಬೇಕು ಎಂದು ಸಮಿತಿ ಮೊದಲೇ ನಿಯಮ ಮಾಡಿಕೊಂಡಿತ್ತು. ಮಾತಾಡುವಾಗ "ನನಗೆ ಹಾಗನ್ನಿಸಿತು" ಎನ್ನುವ ಹಾಗಿಲ್ಲ, ಟಿಪ್ಪಣಿ ಓದಬೇಕು. ಮುಖ್ಯ ಶಿಕ್ಷಕಿಯ ಟಿಪ್ಪಣಿಯಲ್ಲಿ "ಮಕ್ಕಳೆಲ್ಲ ಅರ್ಥವಾಯಿತು ಎಂದರು, ಚಪ್ಪಾಳೆ" ಎಂದಿತ್ತು. ಮೇಷ್ಟ್ರು 10:07, 10:08ರ ಸಾಲುಗಳನ್ನು ಓದಿದರು. ರೂಬ್ರಿಕ್‌ನ ವರ್ಣನೆ ಮುಂದಿಟ್ಟು ನೋಡಿದಾಗ ಎರಡೂ ಟಿಪ್ಪಣಿ 1ನೇ ಹಂತಕ್ಕೇ ಹೊಂದುತ್ತವೆ. ಮುಖ್ಯ ಶಿಕ್ಷಕಿ 3ನ್ನು ಒಂದು ಗೆರೆ ಎಳೆದು ಹೊಡೆದು, 1 ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ಹಳೆಯ ಅಂಕ ಓದಲು ಬರುವ ಹಾಗೆ ಉಳಿಯಬೇಕು. ಮಂಡಳಿ ಸದಸ್ಯರು ತಮ್ಮ 2ನ್ನು ಬದಲಾಯಿಸಲಿಲ್ಲ. ಕೊನೆಯಲ್ಲಿ ಇಬ್ಬರು ಮಕ್ಕಳನ್ನು ಬೋರ್ಡಿಗೆ ಕರೆದು ಲೆಕ್ಕ ಮಾಡಿಸಿದ್ದನ್ನು ಅವರು ಬರೆದುಕೊಂಡಿದ್ದರು. ಅದು ಸರಿಯೇ. ಮೂವರೂ ಒಂದೇ ಅಂಕಕ್ಕೆ ಬರಬೇಕು ಅಂತೇನಿಲ್ಲ.

ಎರಡನೆಯದು, ಎರಡನೇ ಅಭ್ಯರ್ಥಿಗೆ ಮಂಡಳಿ ಸದಸ್ಯರು ಕೊಟ್ಟ 2, 2, 2, 2. ಒಂದೇ ಅಂಕ ಉದ್ದಕ್ಕೂ ಬಂದರೆ ಅದು ಎಚ್ಚರಿಕೆಯ ಗುರುತು. ನಿಜವಾಗಿಯೂ ಹಾಗೇ ಇರಬಹುದು. ಆದರೆ ಬಹಳ ಸಲ ಅದರ ಅರ್ಥ, ಸಾಲುಗಳನ್ನು ಬೇರೆಬೇರೆ ನೋಡಿಲ್ಲ ಅಂತ. ಮೊದಲ ಸಾಲಿನ 2ಕ್ಕೆ ಕಾರಣ ಕೇಳಿದಾಗ ಟಿಪ್ಪಣಿಯಲ್ಲಿದ್ದದ್ದು "ದನಿ ಸಣ್ಣದು". ಮೊದಲ ಸಾಲು ಕೇಳುವುದು ಗಣಿತ ಸರಿ ಇದೆಯೇ ಎಂದು ಮಾತ್ರ. ಗಣಿತದಲ್ಲಿ ತಪ್ಪೇನೂ ಅವರಿಗೂ ಕಂಡಿರಲಿಲ್ಲ. ಅದು 3 ಆಯಿತು, ಒಟ್ಟು 11. ಉಳಿದ ಮೂರಕ್ಕೆ ಟಿಪ್ಪಣಿ ಇತ್ತು, ಹಾಗೇ ಉಳಿದವು.

ಈಗ ಲೆಕ್ಕ ನೋಡಿ. ಮೊದಲ ಅಭ್ಯರ್ಥಿಗೆ 10, 8, 12: ಸರಾಸರಿ 10. ಎರಡನೆಯವರಿಗೆ 11, 14, 11: ಸರಾಸರಿ 12. ಮೂವತ್ತಕ್ಕೆ ಏರಿಸಿದರೆ 20 ಮತ್ತು 24.

## ಒಳ್ಳೆಯ ದನಿ ಬೇರೆ ಸಾಲಿಗೆ ಯಾಕೆ ನುಗ್ಗುತ್ತದೆ?

ಮುಖ್ಯ ಶಿಕ್ಷಕಿ ಅನುಭವ ಇಲ್ಲದವರಲ್ಲ, ಪಕ್ಷಪಾತವೂ ಮಾಡಿಲ್ಲ. ಆದರೂ ಮೊದಲ ಐದು ನಿಮಿಷದಲ್ಲಿ ಮೂಡಿದ ಮೆಚ್ಚುಗೆ ಎಲ್ಲ ಸಾಲಿಗೂ ಹರಡಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಇದನ್ನು 1920ರಲ್ಲೇ ಬರೆದಿಟ್ಟಿದ್ದರು. ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಇವಕ್ಕೆ ಬೇರೆಬೇರೆ ಅಂಕ ಕೊಟ್ಟಿದ್ದರು. ನೋಡಿದರೆ ಒಂದರಲ್ಲಿ ಮೇಲಿದ್ದವರು ಎಲ್ಲದರಲ್ಲೂ ಮೇಲೆ. ಮೈಕಟ್ಟಿಗೂ ಬುದ್ಧಿಗೂ ಅಷ್ಟೊಂದು ನಂಟು ಇರಲು ಸಾಧ್ಯವಿಲ್ಲ. ಅಂಕ ಕೊಡುವವರ ಮನಸ್ಸಿನಲ್ಲಿ ಇದ್ದದ್ದು ಒಂದೇ ಒಟ್ಟು ಅಭಿಪ್ರಾಯ, ಅದೇ ನಾಲ್ಕು ಕಡೆ ಅಚ್ಚಾಗಿತ್ತು. ಇದಕ್ಕೆ ಪ್ರಭಾವಳಿ ಪರಿಣಾಮ ಎನ್ನುತ್ತಾರೆ.

ಡೆಮೊ ಪಾಠದಲ್ಲಿ ಈ ಪ್ರಭಾವಳಿ ಬರುವುದು ಹೆಚ್ಚಾಗಿ ದನಿಯಿಂದ, ಇಂಗ್ಲಿಷ್ ಮಾತಿನ ಓಘದಿಂದ, ಉಡುಪಿನಿಂದ, ಚಾರ್ಟಿನಿಂದ. ಇವು ರೂಬ್ರಿಕ್‌ನಲ್ಲಿ ಇಲ್ಲವೇ ಇಲ್ಲ ಎನ್ನುವುದನ್ನು ಗಮನಿಸಿ. ದನಿ ಹಿಂದಿನ ಬೆಂಚಿಗೆ ಕೇಳಿಸಲೇ ಇಲ್ಲವೆಂದರೆ ಅದು ನಾಲ್ಕನೇ ಸಾಲಿನಲ್ಲಿ ತಾನಾಗಿ ಕಾಣುತ್ತದೆ, ಆ ಮಕ್ಕಳು ಪಾಠದಿಂದ ಹೊರಗೆ ಉಳಿದಿರುತ್ತಾರೆ. ಕೇಳಿಸಿತು ಅಂದಮೇಲೆ ಅದು ಸಣ್ಣದೋ ದೊಡ್ಡದೋ ಎಂದು ಬೇರೆ ಅಂಕ ಬೇಡ. ಉತ್ತರ ಕರ್ನಾಟಕದ ಮಾತು, ಮಂಗಳೂರಿನ ಮಾತು ಅಂತ ಕಿವಿಗೆ ಹೊಸದೆನಿಸಿದ್ದಕ್ಕೂ ಅಂಕ ಕಡಿಯುವ ಹಾಗಿಲ್ಲ.

ಇದನ್ನು ತಡೆಯಲು ಮೂರು ಕೆಲಸ ಸಹಾಯ ಮಾಡುತ್ತವೆ. ಟಿಪ್ಪಣಿ ಇಲ್ಲದ ಸಾಲಿಗೆ ಅಂಕ ಇಲ್ಲ ಎನ್ನುವ ನಿಯಮ ಒಂದು. ಎರಡನೆಯದು, ಅಭ್ಯರ್ಥಿಗಳೆಲ್ಲ ಮುಗಿದ ಮೇಲೆ ಒಮ್ಮೆ ಸಾಲು ಹಿಡಿದು ನೋಡುವುದು: ಮೂರನೇ ಸಾಲಿನಲ್ಲಿ ಎಲ್ಲರಿಗೂ ಏನು ಕೊಟ್ಟಿದ್ದೇನೆ, ಅದೇ ಅಳತೆ ಹಿಡಿದಿದ್ದೇನೆಯೇ ಅಂತ. ಬೆಳಗ್ಗೆ ಬಂದವರಿಗೆ ಬಿಗಿ, ಮಧ್ಯಾಹ್ನ ಬಂದವರಿಗೆ ಸಡಿಲ ಆಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಉಪಯೋಗದ್ದು, ಮೊದಲೇ ಒಂದು ತಾಲೀಮು. ಡೆಮೊ ದಿನಕ್ಕೆ ಮುಂಚೆ ಶಾಲೆಯ ಒಬ್ಬ ಶಿಕ್ಷಕರು ಒಪ್ಪಿಕೊಂಡು ಹತ್ತು ನಿಮಿಷ ಪಾಠ ಮಾಡಲಿ. ಮೂವರೂ ಅದೇ ಹಾಳೆ ಹಿಡಿದು ಅಂಕ ಹಾಕಿ ಹೋಲಿಸಿಕೊಳ್ಳಲಿ. ಯಾವ ಸಾಲಿನಲ್ಲಿ ಅಂಕ ಚೆದುರುತ್ತದೋ ಆ ಸಾಲಿನ ವರ್ಣನೆ ಸರಿಯಾಗಿ ಬರೆದಿಲ್ಲ ಎಂದರ್ಥ. ಡೆಮೊ ದಿನ ಬರುವ ಮೊದಲೇ ಅದನ್ನು ತಿದ್ದಿ ಬರೆಯಬಹುದು.

## ಈ ಅಂಕವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಯಾಕೆಂದರೆ ಪಾತ್ರೆಯ ಎಲ್ಲ ಅಗುಳೂ ಅದೇ ನೀರಿನಲ್ಲಿ, ಅದೇ ಉರಿಯಲ್ಲಿ ಬೆಂದಿರುತ್ತದೆ. ಡೆಮೊ ಪಾಠ ಅಂಥ ಅಗುಳಲ್ಲ. ಗುರುತಿಲ್ಲದ ಮಕ್ಕಳು, ಹಿಂದೆ ಮೂವರು ಕೂತು ಬರೆಯುತ್ತಿರುವುದು, ಕೆಲಸದ ಚಿಂತೆ, ಎರಡು ದಿನದ ತಯಾರಿ. ಜುಲೈ ತಿಂಗಳ ಒಂದು ಮಾಮೂಲಿ ಮಧ್ಯಾಹ್ನದ ಪೀರಿಯಡ್ ಇದಕ್ಕಿಂತ ಬೇರೆಯೇ ಆಗಿರುತ್ತದೆ. ನೋಟ್‌ಪುಸ್ತಕ ತಿದ್ದುವುದು, ಪೋಷಕರ ಜೊತೆ ಮಾತಾಡುವುದು, ಹಿಂದುಳಿದ ಮಗುವನ್ನು ತಿಂಗಳುಗಟ್ಟಲೆ ಬೆನ್ನು ಹತ್ತುವುದು, ಇವು ಯಾವುವೂ ಡೆಮೊದಲ್ಲಿ ಕಾಣುವುದಿಲ್ಲ. ಅವನ್ನು ಸಂದರ್ಶನದಲ್ಲಿ, ಹಿಂದೆ ಕೆಲಸ ಮಾಡಿದ ಕಡೆ ವಿಚಾರಿಸಿ ತಿಳಿಯಬೇಕು.

ಪಾಠ ನೋಡಿ ಅಂಕ ಕೊಡುವುದು ಎಷ್ಟು ನಂಬಿಕೆಗೆ ಅರ್ಹ ಎಂದು ಅಮೆರಿಕದಲ್ಲಿ ಗೇಟ್ಸ್ ಫೌಂಡೇಶನ್ ಹಣದಿಂದ ಸುಮಾರು 3,000 ಶಿಕ್ಷಕರನ್ನು ಇಟ್ಟುಕೊಂಡು ದೊಡ್ಡ ಅಧ್ಯಯನ ನಡೆದಿತ್ತು. ಅವರು ಕಂಡುಕೊಂಡ ಒಂದು ಸಂಗತಿ ಇಲ್ಲಿಗೆ ನೇರವಾಗಿ ಹೊಂದುತ್ತದೆ. ಒಬ್ಬರು ಒಂದೇ ಪಾಠ ನೋಡಿ ಕೊಟ್ಟ ಅಂಕ ಬಹಳ ಅಲ್ಲಾಡುತ್ತದೆ. ನೋಡುವವರು ಹೆಚ್ಚಾದರೆ, ನೋಡುವ ಪಾಠಗಳು ಹೆಚ್ಚಾದರೆ ಅಂಕ ಗಟ್ಟಿಯಾಗುತ್ತದೆ. ಒಬ್ಬರೇ ಎರಡು ಸಲ ನೋಡುವುದಕ್ಕಿಂತ ಇಬ್ಬರು ಒಂದೊಂದು ಪಾಠ ನೋಡುವುದು ಮೇಲು.

ಹಾಗಾಗಿ ನಮ್ಮ ಉದಾಹರಣೆಯ 24, 20ನ್ನು ಹೀಗೆ ಓದಬೇಕು. ನಾಲ್ಕು ಅಂಕದ ಅಂತರವಿದೆ, ಅದು ಎಲ್ಲಿಂದ ಬಂತು ಎಂದು ಟಿಪ್ಪಣಿಯಲ್ಲಿ ಬೆರಳಿಟ್ಟು ತೋರಿಸಬಹುದು: ಇಬ್ಬರಿಗೂ ಬಂದ ಅದೇ 2/5, ಇಬ್ಬರೂ ಅದಕ್ಕೆ ಕೊಟ್ಟ ಬೇರೆಬೇರೆ ಉತ್ತರ. ಅಂತರ 24, 23 ಆಗಿದ್ದರೆ ಅದನ್ನು ಅಂತರ ಎಂದೇ ಎಣಿಸಬಾರದು. ಮೂವರಲ್ಲಿ ಒಬ್ಬರು ಒಂದು ಸಾಲಿನಲ್ಲಿ ಒಂದು ಹಂತ ಆಚೀಚೆ ಮಾಡಿದರೂ ಮೂವತ್ತರಲ್ಲಿ 0.7 ಅಂಕ ಬದಲಾಗುತ್ತದೆ. ಆ ಸಾಲು ಎರಡು ಪಟ್ಟು ತೂಕದ ಮೂರನೆಯದಾದರೆ ಮೂವತ್ತರಲ್ಲಿ 1.3 ಅಂಕ ಕದಲುತ್ತದೆ. ಅಂಥಾ ಸಮಯದಲ್ಲಿ ಇಬ್ಬರನ್ನೂ ಇನ್ನೊಂದು ದಿನ ಕರೆದು, ಏಳನೇ ತರಗತಿಗೆ ಬೇರೆ ವಿಷಯದ ಪಾಠ ಮಾಡಿಸಿ ನೋಡುವುದೇ ಸರಿಯಾದ ದಾರಿ. ಆ ದಿನ ಸಮಿತಿಯಲ್ಲಿ ಮೊದಲ ಸಲ ನೋಡದ ಒಬ್ಬರಾದರೂ ಇರಲಿ, ಮತ್ತು ಮೊದಲ ಸುತ್ತಿನ ಅಂಕ ಅವರಿಗೆ ತಿಳಿಸಬೇಡಿ.